ಮೈಸೂರಿಗೆ ಐವರು ಗೆಳತಿಯರು: ಮಸಾಜ್ ಯಾವಾಗ ಇಟ್ಟುಕೊಳ್ಳಬೇಕು?

"ನಾವು ಐದು ಜನ, ಎಲ್ಲರೂ ಐವತ್ತರ ಆಸುಪಾಸು. ಶನಿವಾರ, ಭಾನುವಾರ ಮೈಸೂರು. ಹೋದ ಸಲ ಮಸಾಜ್‌ನಿಂದಲೇ ಇಡೀ ದಿನ ಕೆಟ್ಟಿತು. ಈ ಸಲ ಹೇಗೆ ಹೊಂದಿಸೋದು?"

ಬಹುಶಃ ಹೋದ ಸಲ ಮಸಾಜನ್ನು ಬೆಳಿಗ್ಗೆ ಇಟ್ಟುಕೊಂಡಿದ್ದಿರಿ, ಅಲ್ಲಿ ಎರಡೇ ಕೋಣೆ ಇದ್ದಿರಬೇಕು. ಎಣ್ಣೆ ತಿಕ್ಕಲು ಒಂದು ಗಂಟೆ, ಸ್ನಾನಕ್ಕೆ ಕಾಲು ಗಂಟೆ. ಐದು ಜನಕ್ಕೆ ಮೂರು ಸರದಿ ಅಂದರೆ ಹತ್ತಿರ ಹತ್ತಿರ ನಾಲ್ಕು ಗಂಟೆ. ಮೊದಲು ಮುಗಿಸಿದವರು ಒದ್ದೆ ಕೂದಲಲ್ಲೇ ಕಾಯುತ್ತಾ ಕೂರಬೇಕು.

ಬುಕ್ ಮಾಡುವಾಗ ದರಕ್ಕಿಂತ ಮೊದಲು "ಒಂದೇ ಸಲಕ್ಕೆ ಎಷ್ಟು ಜನಕ್ಕೆ ಮಾಡ್ತೀರಿ? ಮಾಡೋರು ಹೆಂಗಸರೇನಾ?" ಅಂತ ಕೇಳಿ. ಬಿಪಿ, ಮಂಡಿನೋವು ಇದ್ದರೆ ಆಗಲೇ ಹೇಳಿಬಿಡಿ.

ಶನಿವಾರ ಬೆಳಿಗ್ಗೆ ರೇಷ್ಮೆ ಸೀರೆ ಅಂಗಡಿಗೆ ಹೋಗಿ. ಒಬ್ಬೊಬ್ಬರಿಗೆ ಅರ್ಧ ಗಂಟೆ ಹಿಡಿದರೂ ಎರಡೂವರೆ ಗಂಟೆ ಬೇಕು. ಜರಿಯ ಬಣ್ಣವನ್ನು ಬಾಗಿಲ ಬೆಳಕಿಗೆ ತಂದೇ ನೋಡಿ. ಒಳಗಿನ ದೀಪ ಮೋಸ ಮಾಡುತ್ತದೆ. ಊಟ ಹಿತಮಿತವಾಗಿರಲಿ, ಎರಡು ಗಂಟೆ ಬಿಟ್ಟು ಮಸಾಜ್. ಆಮೇಲೆ ಎಲ್ಲಿಗೂ ಹೊರಡಬೇಡಿ. ನೈಟಿ ಹಾಕಿಕೊಂಡು ರೂಮಿನಲ್ಲೇ ಹರಟೆ, ಊಟ.

ಭಾನುವಾರ ಬಿಸಿಲೇರುವ ಮೊದಲೇ ಚಾಮುಂಡಿ ಬೆಟ್ಟ, ಕಾರಿನಲ್ಲೇ. ಸಾವಿರ ಮೆಟ್ಟಿಲು ಮಂಡಿಗೆ ಬೇಡ. ಮಧ್ಯಾಹ್ನ ಮಲಗಿ ಎದ್ದು ಸಂಜೆ ಅರಮನೆಯ ದೀಪಾಲಂಕಾರ ನೋಡಿ. ಏಳು ಗಂಟೆ ಸುಮಾರಿಗೆ ಹತ್ತಿಸಿ, ಹೆಚ್ಚು ಹೊತ್ತು ಉರಿಸುವುದಿಲ್ಲ, ಹಾಗಾಗಿ ಆರೂವರೆಗೇ ಗೇಟಿನ ಹತ್ತಿರ ಇರಿ. ವಾಪಸಾತಿ ಸೋಮವಾರ ಬೆಳಿಗ್ಗೆಗೆ ಇಟ್ಟುಕೊಂಡರೆ ಮಾತ್ರ ಇದು ಆರಾಮ.