ಪ್ರಿಂಟ್ ರೆಸ್ಯೂಮೆ ಫೋಟೊದಲ್ಲಿ ಕಂಡ ತಪ್ಪುಗಳು

ಪ್ರಶ್ನೆ: ಸಿಎನ್‌ಸಿ ಆಪರೇಟರ್ ಕೆಲಸಕ್ಕೆ ನನ್ನ ರೆಸ್ಯೂಮೆ ಫೋಟೊ ಹಾಕಿದ್ದೀನಿ, ಏನು ಸರಿಯಿಲ್ಲ?

ಉತ್ತರ: ಬಲಗಡೆ ಅಂಚು ಕಿರಿದಾಗಿ ಕಾಣೋದು ಫೋಟೊ ಓರೆಯಾಗಿರೋದರಿಂದ, ಅದನ್ನು ಬಿಡಿ. ಆದರೆ ತಾರೀಖುಗಳು ಒಂದರ ಕೆಳಗೊಂದು ಕೂತಿಲ್ಲ. ಸ್ಪೇಸ್ ಒತ್ತಿ ಜೋಡಿಸಿದರೆ ಹೀಗೇ ಆಗೋದು, ಟ್ಯಾಬ್ ಹಾಕಿ.

ದೊಡ್ಡ ತೊಡಕು ಬೇರೆ. ಮೊದಲ ಕೆಲಸ ‘2018–2020’, ಎರಡನೆಯದು ‘2021ರಿಂದ’ ಅಂತಿದೆ. ಡಿಸೆಂಬರ್ 2020ರಲ್ಲಿ ಬಿಟ್ಟು ಜನವರಿಯಲ್ಲಿ ಸೇರಿದ್ದರೆ ಅಂತರವೇ ಇಲ್ಲ. ಜನವರಿ 2020ರಲ್ಲಿ ಬಿಟ್ಟು ಡಿಸೆಂಬರ್ 2021ರಲ್ಲಿ ಸೇರಿದ್ದರೆ ಸುಮಾರು ಎರಡು ವರ್ಷ. ಓದುವವರು ಈ ದೊಡ್ಡ ಅಂತರವನ್ನೇ ಊಹಿಸಬಹುದು. ತಿಂಗಳು ಬರೆಯಿರಿ, ಅಂತರವಿದ್ದರೆ ಕಾರಣ ಒಂದು ಸಾಲು ಸಾಕು.

ಕೌಶಲಗಳ ಭಾಗ ಕಾಣ್ತಿಲ್ಲ (ಹಾಳೆಯ ಹಿಂದೆ ಇದೆಯಾ?). ಯಾವ ಕಂಟ್ರೋಲರ್, ಫ್ಯಾನಕ್ಕಾ ಸೀಮೆನ್ಸಾ, ಆಫ್‌ಸೆಟ್ ನೀವೇ ಹಾಕ್ತೀರಾ ಅನ್ನೋದು ಅಲ್ಲಿರಬೇಕು. ಜಾಗಕ್ಕೆ ಆ ನಾಲ್ಕು ಸಾಲಿನ ಡಿಕ್ಲರೇಷನ್ ತೆಗೀರಿ.