32ನೇ ಕಿಲೋಮೀಟರಿನ ವಾಲ್: ಜೆಲ್ ಎಷ್ಟು, ಯಾವಾಗ

«ಹಾಫ್ 1:52ಕ್ಕೆ ಮುಗಿಸಿದಾಗ ಆರಾಮಾಗಿದ್ದೆ. 32ಕ್ಕೆ ಬಂದಾಗ ಕಾಲು ಕಿತ್ತಿಡೋಕೇ ಆಗ್ಲಿಲ್ಲ, 5:20ರ ಪೇಸ್ 7:40ಕ್ಕೆ ಇಳೀತು. 25ರಲ್ಲಿ ಒಂದು ಜೆಲ್ ತಗೊಂಡಿದ್ದೆ, ಏನೂ ಆಗ್ಲಿಲ್ಲ. ತೂಕ 70 ಕೆಜಿ. ಎಲ್ಲಿ ಎಡವಟ್ಟಾಯ್ತು?»

ಮ್ಯಾರಥಾನಿನಲ್ಲಿ ಕಾರ್ಬ್ ಮುಗಿದು ಕಾಲು ಇದ್ದಕ್ಕಿದ್ದಂತೆ ಸೋಲೋದಕ್ಕೇ ಓಟಗಾರರು ವಾಲ್ ಅನ್ನೋದು, ಅದನ್ನು ತಡೆಯೋಕೆ ಓಡುತ್ತಾ ನುಂಗುವ ಕಾರ್ಬ್ ಪ್ಯಾಕೆಟ್ಟೇ ಜೆಲ್. ಲೆಕ್ಕ ಹಾಕಿ ನೋಡಿದರೆ ನಿಮ್ಮ ಕಾಲು ನಿಂತದ್ದು ಹೆಚ್ಚುಕಮ್ಮಿ ನಿಲ್ಲಬೇಕಾದ ಜಾಗದಲ್ಲೇ. ಓಡೋಕೆ ಒಂದು ಕೆಜಿ ತೂಕಕ್ಕೆ, ಒಂದು ಕಿಲೋಮೀಟರಿಗೆ ಸುಮಾರು ಒಂದು ಕ್ಯಾಲೊರಿ ಬೇಕು. ನಿಮಗೆ ಕಿಲೋಮೀಟರಿಗೆ 70, ಪೂರ್ತಿ ರೇಸಿಗೆ 2,950ರ ಹತ್ತಿರ. ಕಿಲೋಮೀಟರಿಗೆ 5:20 ನಿಮಿಷ ನಿಮಗೆ ಸ್ವಲ್ಪ ಬಿಗಿಯಾದ ಪೇಸೇ ಅಂದುಕೊಂಡು, ಅದರಲ್ಲಿ ಮುಕ್ಕಾಲು ಪಾಲು ಕಾರ್ಬಿನಿಂದ, ಉಳಿದದ್ದು ಕೊಬ್ಬಿನಿಂದ ಬಂತು ಅಂತ ಇಟ್ಟುಕೊಳ್ಳೋಣ. ಆಗ ಕಿಲೋಮೀಟರಿಗೆ 52 ಕ್ಯಾಲೊರಿ, ಅಂದರೆ 13 ಗ್ರಾಂ ಕಾರ್ಬ್ ಖರ್ಚು. ದೇಹ ಕಾರ್ಬನ್ನು ಕೂಡಿಡೋದು ಗ್ಲೈಕೊಜೆನ್ ರೂಪದಲ್ಲಿ: ಕಾಲಿನ ಸ್ನಾಯುಗಳಲ್ಲಿ 300 ಚಿಲ್ಲರೆ ಗ್ರಾಂ, ಲಿವರ್‌ನಲ್ಲಿ 80-100 ಗ್ರಾಂ, ಒಟ್ಟು 400ರ ಆಸುಪಾಸು. 400ನ್ನು 13ರಿಂದ ಭಾಗಿಸಿದರೆ 31 ಕಿಲೋಮೀಟರ್. ಇದು ಅಂದಾಜಿನ ಲೆಕ್ಕ. ಒಬ್ಬೊಬ್ಬರದು ಒಂದೊಂದು ಥರ, ನಿಮ್ಮದು 28ಕ್ಕೆ ಮುಗಿದಿದ್ದರೂ 36ರವರೆಗೆ ಎಳೆದಿದ್ದರೂ ನನಗೆ ಆಶ್ಚರ್ಯ ಆಗ್ತಿರಲಿಲ್ಲ.

ಕೈ, ಬೆನ್ನಿನ ಸ್ನಾಯುಗಳಲ್ಲೂ ಗ್ಲೈಕೊಜೆನ್ ಇದೆಯಲ್ಲ ಅನ್ನಬಹುದು. ಇದೆ, ಆದರೆ ಅದು ಅಲ್ಲೇ ಖರ್ಚಾಗಬೇಕು. ಸ್ನಾಯು ತನ್ನ ಗ್ಲೈಕೊಜೆನ್ನನ್ನು ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡೋಕೆ ಬೇಕಾದ ಎಂಜೈಮ್ ಸ್ನಾಯುವಿನಲ್ಲಿ ಇಲ್ಲ. ಆ ಕೆಲಸ ಮಾಡೋದು ಲಿವರ್.

ಇದೇ ಚರ್ಚೆಯಲ್ಲಿ ಒಬ್ಬ ಅಣ್ಣ «ದೇಹದಲ್ಲಿ ಬೇಕಾದಷ್ಟು ಕೊಬ್ಬಿದೆ, ಖಾಲಿ ಹೊಟ್ಟೆಯಲ್ಲಿ ಓಡಿ ಅಭ್ಯಾಸ ಮಾಡಿದ್ರೆ ಜೆಲ್ಲೇ ಬೇಡ» ಅಂದಿದ್ದಾರೆ. ಅರ್ಧ ನಿಜ. ಟ್ರೇನಿಂಗ್ ಹೆಚ್ಚಾದಂತೆ ಅದೇ ಪೇಸ್‌ನಲ್ಲಿ ಕೊಬ್ಬಿನ ಪಾಲು ಜಾಸ್ತಿ ಆಗುತ್ತೆ, ಅದು ದೊಡ್ಡ ಲಾಭವೇ. ಆದರೆ ಅಷ್ಟೇ ಶಕ್ತಿ ಪಡೆಯೋಕೆ ಕೊಬ್ಬಿಗೆ ಆಕ್ಸಿಜನ್ ಹೆಚ್ಚು ಬೇಕು, ಅದು ಶಕ್ತಿ ಕೊಡುವ ವೇಗವೂ ಕಮ್ಮಿ. ಕಾರ್ಬ್ ಮುಗಿದ ಮೇಲೆ ನಿಮ್ಮ ಪೇಸ್ 7:40ಕ್ಕೆ ಇಳಿದದ್ದು ಅದಕ್ಕೇ. ಕೊಬ್ಬು ಆಗಲೂ ಬೇಕಾದಷ್ಟಿತ್ತು, ಆದರೆ ಅದರ ಮೇಲೆ 5:20 ಓಡೋಕೆ ಆಗೋದಿಲ್ಲ.

ಇನ್ನು ಜೆಲ್ ವಿಚಾರ. ರೇಸ್ ಮಧ್ಯೆ ತಗೊಂಡ ಜೆಲ್ ಖಾಲಿಯಾದ ಸ್ನಾಯುವನ್ನು ಮತ್ತೆ ತುಂಬಿಸುತ್ತೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಾಗೋದಿಲ್ಲ. 1986ರಲ್ಲಿ ಕಾಯ್ಲ್ ಮತ್ತವರ ಸಂಗಡಿಗರು ಸೈಕಲ್ ಸವಾರರ ಮೇಲೆ ಒಂದು ಪ್ರಯೋಗ ಮಾಡಿದ್ದರು. ಬರೀ ರುಚಿಯ ನೀರು ಕುಡಿದಾಗ ಅವರು ಸುಮಾರು 3 ಗಂಟೆಗೆ ಸೋತರು, ಕಾರ್ಬ್ ಕುಡಿದಾಗ ಅವರೇ ಸುಮಾರು 4 ಗಂಟೆ ಎಳೆದರು. ಮಜಾ ಏನಂದರೆ, ಮೊದಲ ಮೂರು ಗಂಟೆಯಲ್ಲಿ ಎರಡೂ ಸಲ ಕಾಲಿನ ಗ್ಲೈಕೊಜೆನ್ ಒಂದೇ ಥರ ಕರಗಿತ್ತು. ವ್ಯತ್ಯಾಸ ಇದ್ದದ್ದು ರಕ್ತದ ಸಕ್ಕರೆಯಲ್ಲಿ. ಕಾರ್ಬ್ ಕುಡಿದಾಗ ಅದು ಕುಸಿಯಲಿಲ್ಲ, ಹಾಗಾಗಿ ಕೊನೆಯಲ್ಲಿ ಕಾಲು ರಕ್ತದಿಂದ ಸಕ್ಕರೆ ಎಳೆದುಕೊಂಡು ಕೆಲಸ ಮುಂದುವರಿಸಿತು. ಅಂದರೆ ಹೊರಗಿನ ಕಾರ್ಬ್ ಲಿವರ್‌ನ ಭಾರ ಇಳಿಸುತ್ತೆ, ರಕ್ತದ ಸಕ್ಕರೆ ಹಿಡಿದಿಡುತ್ತೆ, ವಾಲನ್ನು ಮುಂದೆ ತಳ್ಳುತ್ತೆ. ಬಂದ ವಾಲನ್ನು ಒಡೆಯೋದಿಲ್ಲ. ಇದಕ್ಕೂ ಎಷ್ಟೋ ಮುಂಚೆ, 1924ರ ಬಾಸ್ಟನ್ ಮ್ಯಾರಥಾನಿನಲ್ಲಿ, ಗೆರೆ ದಾಟಿ ಬಂದ ಕೆಲವರ ರಕ್ತ ಪರೀಕ್ಷಿಸಿದ ವೈದ್ಯರಿಗೆ ಸುಸ್ತಾಗಿ ಬಿದ್ದವರಲ್ಲಿ ಸಕ್ಕರೆ ತೀರಾ ಇಳಿದದ್ದು ಕಂಡಿತ್ತು. ಮರುವರ್ಷ ಓಟದ ಮಧ್ಯೆ ಮಿಠಾಯಿ ತಿನ್ನಿಸಿದಾಗ ಆ ಕುಸಿತ ತಪ್ಪಿತು.

ನಿಮ್ಮ ಒಂದು ಜೆಲ್‌ನಲ್ಲಿ ಇದ್ದದ್ದು 25 ಗ್ರಾಂ ಕಾರ್ಬ್ ಅಂದುಕೊಂಡರೂ, ಎರಡು ಕಿಲೋಮೀಟರಿಗೂ ಸಾಲದು. ಅದು ಹೊಟ್ಟೆಯಿಂದ ರಕ್ತಕ್ಕೆ ಬರೋಕೆ ಸಮಯವೂ ಬೇಕು.

ಮುಂದಿನ ರೇಸಿಗೆ ನಾನು ಹೀಗೆ ಮಾಡ್ತಿದ್ದೆ. ಓಟ ಶುರುವಾಗಿ ಅರ್ಧ ಗಂಟೆಗೆ ಮೊದಲ ಜೆಲ್, ಆಮೇಲೆ ಪ್ರತಿ ಅರ್ಧ ಗಂಟೆಗೆ ಒಂದು, 3 ಗಂಟೆಯವರೆಗೆ. ಆರು ಜೆಲ್, 150 ಗ್ರಾಂ. ನಿಮ್ಮ ಪೇಸ್‌ಗೆ ಪೂರ್ತಿ ರೇಸಿಗೆ ಬೇಕಾದದ್ದು ಸುಮಾರು 550 ಗ್ರಾಂ, ಒಳಗಿನ 400ಕ್ಕೆ ಈ 150 ಸೇರಿದರೆ ಲೆಕ್ಕ ಕೂಡುತ್ತೆ, ಅದೂ ಅಂಚಿನಲ್ಲಿ. ತಿಂದದ್ದೆಲ್ಲ ಉರಿಯೋದೂ ಇಲ್ಲ. ಹಾಗಾಗಿ ಮೊದಲ ಹತ್ತು ಕಿಲೋಮೀಟರ್ 5:35ರಲ್ಲಿ ಓಡಿ. ಪೇಸ್ ಕಮ್ಮಿ ಆದರೆ ಕೊಬ್ಬಿನ ಪಾಲು ಏರುತ್ತೆ, ಉಳಿತಾಯ ಅಲ್ಲೇ ಆಗೋದು. ಹಿಂದಿನ ಒಂದೂವರೆ-ಎರಡು ದಿನ ದಿನಕ್ಕೆ ಕೆಜಿಗೆ 10 ಗ್ರಾಂ ಕಾರ್ಬ್, ಅಂದರೆ 700 ಗ್ರಾಂ. ಒಂದು ರಾತ್ರಿ ಹೊಟ್ಟೆ ಬಿರಿಯೆ ತಿಂದರೆ ಇದು ಆಗಲ್ಲ. ತೂಕ ಒಂದೆರಡು ಕೆಜಿ ಏರಿದರೆ ಗಾಬರಿ ಬೇಡ, ಗ್ಲೈಕೊಜೆನ್ ಜೊತೆ ನೀರೂ ಕೂರುತ್ತೆ. ಜೆಲ್ ಪ್ಯಾಕೆಟ್ಟಿನ ತೂಕ ನೋಡಬೇಡಿ, ಒಳಗೆ ಕಾರ್ಬ್ ಎಷ್ಟು ಗ್ರಾಂ ಅಂತ ಓದಿ.

ಹೊಟ್ಟೆ ಕೆಡೋದೇ ನಿಜವಾದ ಅಡ್ಡಿ. ಓಡುವಾಗ ಕರುಳಿಗೆ ರಕ್ತ ಕಮ್ಮಿ ಹೋಗುತ್ತೆ. ಕರುಳು ಗ್ಲೂಕೋಸನ್ನು ಒಳಗೆ ಬಿಡೋದು ಗಂಟೆಗೆ ಸುಮಾರು 60 ಗ್ರಾಂ ಮಾತ್ರ, ಮಿಕ್ಕಿದ್ದು ಅಲ್ಲೇ ಕೂತು ನೀರೆಳೆದು ಉಬ್ಬರ, ಭೇದಿ ಮಾಡುತ್ತೆ. ಫ್ರಕ್ಟೋಸ್ ಬೇರೆ ಬಾಗಿಲಿಂದ ಹೋಗೋದರಿಂದ ಎರಡೂ ಬೆರೆತದ್ದಾದರೆ 90ರವರೆಗೆ ಹೋಗಬಹುದು. 120 ತಗೊಳ್ಳೋ ಎಲೀಟ್ ಓಟಗಾರರ ಕಥೆ ಈಗ ಎಲ್ಲೆಡೆ ಓಡಾಡ್ತಿದೆ, ನಾಲ್ಕು ಗಂಟೆಯ ಓಟಗಾರರಿಗೆ ಅದರಿಂದ ಲಾಭ ಇದೆಯಾ ಅನ್ನೋದರಲ್ಲಿ ನನಗಂತೂ ನಂಬಿಕೆ ಇಲ್ಲ. ನಿಮ್ಮ ಗುರಿ ಗಂಟೆಗೆ 50. ಲಾಂಗ್ ರನ್‌ನಲ್ಲಿ 30ರಿಂದ ಶುರು ಮಾಡಿ, ವಾರಕ್ಕೆ ಸ್ವಲ್ಪ ಏರಿಸಿ, ರೇಸ್ ಪೇಸ್‌ನಲ್ಲೇ ತಗೊಂಡು ನೋಡಿ. ಜೆಲ್ ಜೊತೆ ನೀರು ಕುಡಿಯಿರಿ, ಸ್ಪೋರ್ಟ್ಸ್ ಡ್ರಿಂಕ್ ಬೇಡ.

ಉಪ್ಪಿನ ಮಾತ್ರೆ ತಗೊಂಡರೆ ಸರಿಹೋಗುತ್ತಾ ಅಂತ ಕೇಳಿದವರಿಗೆ: ಸ್ನಾಯು ಸೆಟೆದು ನೋವಾಗೋದು ಬೇರೆ ವಿಚಾರ, ಇಲ್ಲಿ ಕೇಳಿದ್ದು ಅದಲ್ಲ. «ನನಗೆ 10ಕೆನಲ್ಲೇ 7ಕ್ಕೆ ವಾಲ್ ಬರುತ್ತೆ» ಅಂದ ತಮ್ಮನಿಗೆ: ಅಷ್ಟರಲ್ಲಿ ಗ್ಲೈಕೊಜೆನ್ ಮುಗಿಯಲ್ಲ ಮಾರಾಯ, ಶುರುವಲ್ಲಿ ಓಡಿದ್ದು ಜಾಸ್ತಿ. ಇನ್ಸುಲಿನ್ ತಗೊಳ್ಳೋರು ಈ ಅಂಕಿಗಳನ್ನು ಹಾಗೇ ಹಿಡಿಯಬೇಡಿ, ನಿಮ್ಮ ಡಾಕ್ಟರ್ ಜೊತೆ ಕೂತು ಲೆಕ್ಕ ಮಾಡಿ.

ಒಂದು ಅನುಮಾನ ಉಳಿದಿದೆ. ಇಷ್ಟೆಲ್ಲ ಹೇಳಿದೆ, ಆದರೆ ನಿಮ್ಮದು ಬಿಸಿಲಿನ ಹೊಡೆತವೂ ಆಗಿರಬಹುದು, ಇಳಿಜಾರಿನಲ್ಲಿ ತೊಡೆ ಜಜ್ಜಿದ್ದೂ ಆಗಿರಬಹುದು. ಕಾರ್ಬ್ ಮುಗಿದಾಗ ಸಾಮಾನ್ಯವಾಗಿ ಪೇಸ್ ಜೊತೆ ಹಾರ್ಟ್ ರೇಟೂ ಇಳಿಯುತ್ತೆ, ಏರಿಸೋಣ ಅಂದರೂ ಏರಲ್ಲ. ಬಿಸಿಲು, ನೀರಿನ ಕೊರತೆ ಆದರೆ ಪೇಸ್ ಬಿದ್ದರೂ ಹಾರ್ಟ್ ರೇಟ್ ಮೇಲೇ ಇರುತ್ತೆ. ವಾಚ್‌ನಲ್ಲಿ 28ರಿಂದ 36ರವರೆಗಿನ ಗ್ರಾಫ್ ಇದ್ದರೆ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.