ಮುತ್ಯಾ ಇಟ್ಟು ಹೋದ ಬಾಟ್ಲಿ

ಅಕ್ಕಾ, ನಮ್ಮ ಮುತ್ಯಾ ಮಿಲಿಟರಿಯಲ್ಲಿದ್ದವರು. ಕ್ಯಾಂಟೀನಿನ ಒಂದು ರಮ್ ಬಾಟ್ಲಿಯನ್ನು ಸೀಲ್ ಒಡೆಯದೆ ಟ್ರಂಕಿನಲ್ಲಿ ಇಟ್ಟಿದ್ದರು. ‘ಮನಿ ಮಂದಿ ಎಲ್ಲಾ ಕೂಡಿದಾಗ ತೆಗೀರಿ’ ಅಂತಿದ್ದರು. ಅವರು ಹೋಗಿ ಹತ್ತು ವರ್ಷ ಆಯ್ತು. ಈ ಎಳ್ಳ ಅಮಾವಾಸ್ಯೆಗೆ ಪುಣೆ, ಹೈದರಾಬಾದಿನವರೂ ಸೇರಿ ಎಲ್ಲರೂ ಊರಿಗೆ ಬರ್ತಿದ್ದಾರೆ. ದೊಡ್ಡಪ್ಪನ ಮಗ ‘ಮೂವತ್ತು ವರ್ಷದ ಮಾಲು, ಲಕ್ಷಕ್ಕೆ ಹೋಗುತ್ತೆ, ಮುಟ್ಟಬೇಡಿ’ ಅಂತಾನೆ. ಅವ್ವ ‘ಬಚ್ಚಲಿಗೆ ಸುರಿ’ ಅಂತಾಳೆ. ಉಳಿದವರು ‘ತೀರ್ಥದ ಹಾಗೆ ಎಲ್ಲರೂ ಒಂದೊಂದು ಚಮಚ ತಗೊಳ್ಳೋಣ’ ಅಂತಾರೆ. ನನಗೆ ಚಿಂತೆ ಸಣ್ಣ ಕಾಕಾನದು. ಅವರು ಕುಡಿತ ಬಿಟ್ಟು ಎರಡು ವರ್ಷ. ಏನು ಮಾಡಲಿ?
— ಒಬ್ಬ ಮೊಮ್ಮಗ, ಆಳಂದ ತಾಲ್ಲೂಕು

ತಮ್ಮಾ, ನಮ್ಮ ಮನೆಯಲ್ಲೂ ಒಂದು ಬಾಟ್ಲಿ ಇತ್ತು. ಅದರ ಕಥೆ ಹೇಳ್ತೀನಿ, ಸಲಹೆ ಅದರಲ್ಲೇ ಸಿಗುತ್ತೆ.

ನಮ್ಮದು ಭಾಲ್ಕಿ ಕಡೆಯ ಊರು. ದುಬೈಗೆ ದುಡಿಯಲು ಹೋಗಿದ್ದ ಊರಿನ ಹುಡುಗನೊಬ್ಬ ನಮ್ಮ ಮುತ್ಯಾಗೆ ಒಂದು ಸ್ಕಾಚ್ ಬಾಟ್ಲಿ ತಂದುಕೊಟ್ಟಿದ್ದ. ಮುತ್ಯಾ ದಿನಾ ಕುಡಿಯುವವರಲ್ಲ, ಆದ್ರೆ ಆ ಬಾಟ್ಲಿ ಮಾತ್ರ ಅವರ ಪ್ರಾಣ. ಧೋತರದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಅಡ್ಡ ಮಲಗಿಸಿದ್ದರು. ತಪ್ಪು ಅಲ್ಲೇ ಆಯ್ತು ನೋಡು. ಮಲಗಿಸಿಟ್ಟರೆ ಒಳಗಿನ ಸ್ಪಿರಿಟ್ ಯಾವಾಗಲೂ ಬಿರಡೆಯನ್ನು ನೆನೆಸುತ್ತಾ ಇರುತ್ತೆ, ವರ್ಷಗಟ್ಟಲೆ ನೆನೆದ ಬಿರಡೆ ಪುಡಿಪುಡಿ ಆಗುತ್ತೆ. ಮುತ್ಯಾ ತೀರಿದ ಮೇಲೆ ಒಂದು ಎಳ್ಳ ಅಮಾವಾಸ್ಯೆಗೆ ಎಲ್ಲರೂ ಕೂಡಿದ್ದೆವು. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ಕಡಬು ಉಂಡು ಮನೆಗೆ ಬಂದ ಸಂಜೆ ಅಣ್ಣ ಬಾಟ್ಲಿ ತಂದ. ಬಿರಡೆ ಅರ್ಧಕ್ಕೆ ಮುರಿದು ಒಳಗೆ ಬಿತ್ತು. ಕುತ್ತಿಗೆಯವರೆಗೆ ಇರಬೇಕಾದ ಮಾಲು ಹೆಗಲಿಗಿಂತ ಕೆಳಗೆ ಇಳಿದಿತ್ತು. ಚಹಾ ಸೋಸುವ ಬಟ್ಟೆಯಲ್ಲಿ ಸೋಸಿದರು. ಕುಡಿದವರ ಮುಖ ನೋಡಬೇಕಿತ್ತು! ಒದ್ದೆ ರಟ್ಟಿನ ವಾಸನೆ, ರುಚಿ ಸಪ್ಪಗೆ. ಆದ್ರೂ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಮುತ್ಯಾನದು ಅಲ್ವಾ.

ನಮ್ಮ ಕಾಕಾ ಆಗ ಕುಡಿತ ಬಿಟ್ಟು ಒಂದು ವರ್ಷ ಆಗಿತ್ತು. ಪಡಸಾಲೆಯ ಕಂಬಕ್ಕೆ ಒರಗಿ ಮಜ್ಜಿಗೆ ಹಿಡಿದು ಕೂತಿದ್ದರು. ‘ಮುತ್ಯಾನ ಹೆಸರಿಗೆ ಒಂದ್ ಗುಟುಕು ತಗೋ, ಏನೂ ಆಗಲ್ಲ’ ಅಂತ ಮೂವರು ಒತ್ತಾಯ ಮಾಡಿದರು. ಅವರು ಎರಡು ಸಲ ಬೇಡ ಅಂದರು, ಮೂರನೇ ಸಲ ತಗೊಂಡರು. ಕಾಲು ಗಂಟೆಯಲ್ಲಿ ಮುಖ, ಕಿವಿ, ಎದೆ ಎಲ್ಲಾ ಕೆಂಪಾಯ್ತು. ಎದೆ ಡವಡವ ಹೊಡ್ಕೊಳ್ತಿದೆ ಅಂದರು, ಆಮೇಲೆ ವಾಂತಿ. ‘ಹಳೆ ಮಾಲು, ವಿಷ ಆಗಿದೆ’ ಅಂತ ಗಂಡಸರು ಗಾಬರಿಯಾದರು. ಅಡುಗೆ ಮನೆಯಿಂದ ಓಡಿ ಬಂದ ಚಿಗವ್ವ ಒಬ್ಬಳೇ ಸರಿಯಾದ ಮಾತು ಕೇಳಿದ್ದು: ‘ಇವ್ರಿಗೆ ಕುಡಿಸಿದೋರು ಯಾರು? ಗುಳಿಗಿ ನಡದಾವ!’

ಆ ಗುಳಿಗೆಯ ಹೆಸರು ಡೈಸಲ್ಫಿರಾಮ್. ಕುಡಿತ ಬಿಟ್ಟವರಿಗೆ ಡಾಕ್ಟರು ಕೊಡುವ ಔಷಧಿಗಳಲ್ಲಿ ಇದೂ ಒಂದು. ಹೆಂಡ ಹೊಟ್ಟೆಗೆ ಹೋದಾಗ ಲಿವರ್ ಅದನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷದ ವಸ್ತು ಮಾಡಿ, ಆಮೇಲೆ ಅದನ್ನೂ ಮುರಿದು ಹಾಕುತ್ತೆ. ಈ ಗುಳಿಗೆ ಎರಡನೇ ಕೆಲಸವನ್ನು ತಡೆಯುತ್ತೆ, ಹಾಗಾಗಿ ಆ ವಿಷ ರಕ್ತದಲ್ಲೇ ಉಳಿಯುತ್ತೆ. ಸ್ವಲ್ಪ ಕುಡಿದರೂ ಮೈ ಕೆಂಪಾಗುತ್ತೆ, ವಾಂತಿ ಆಗುತ್ತೆ, ಬಿಪಿ ಇಳಿಯುತ್ತೆ, ಹೃದಯ ದುರ್ಬಲ ಇದ್ದವರಿಗೆ ಜೀವಕ್ಕೇ ಬರಬಹುದು. ಗುಳಿಗೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಇರಬಹುದು. ಕಾಕಾನನ್ನು ರಾತ್ರಿಯೇ ಬೀದರಿಗೆ ಕರ್ಕೊಂಡು ಹೋಗಿ ಸಲೈನ್ ಹಾಕಿಸಿದೆವು. ಬದುಕಿದರು. ಆದ್ರೆ ಮುಂದಿನ ದೀಪಾವಳಿಗೂ ಅದರ ಮುಂದಿನದಕ್ಕೂ ಊರಿಗೆ ಬರಲಿಲ್ಲ. ನಾಚಿಕೆ ಅವರಿಗಾಯ್ತು, ಒತ್ತಾಯ ಮಾಡಿದವರಿಗಲ್ಲ. ನನಗೆ ಇವತ್ತಿಗೂ ಸಿಟ್ಟು ಬರೋದು ಅದಕ್ಕೇ.

ನಿನ್ನ ಕಾಕಾ ಯಾವ ಗುಳಿಗೆಯನ್ನೂ ತಗೊಳ್ತಾ ಇಲ್ಲದಿರಬಹುದು. ಆದ್ರೂ ಬಿಟ್ಟವರಿಗೆ ಒಂದು ಚಮಚ ಅನ್ನೋದು ಚಮಚದಲ್ಲಿ ನಿಲ್ಲೋದಿಲ್ಲ, ಮತ್ತೆ ಶುರುವಾಗೋಕೆ ಅಷ್ಟು ಸಾಕು ಎಷ್ಟೋ ಮಂದಿಗೆ. ಹಾಗಾಗಿ ಆ ತೀರ್ಥದ ಯೋಜನೆ ಕೈಬಿಡಿ. ಕಡಬಿನ ಪಾಕಕ್ಕೋ ಕೇಕಿಗೋ ಗೊತ್ತಿಲ್ಲದ ಹಾಗೆ ಹಾಕುವ ಜಾಣರೂ ಇರ್ತಾರೆ, ಅವರನ್ನು ದೂರ ಇಡು, ಕುದಿಸಿದರೆ ಎಲ್ಲಾ ಹಾರಿ ಹೋಗುತ್ತೆ ಅನ್ನೋದು ಸುಳ್ಳು.

ಇನ್ನು ದೊಡ್ಡಪ್ಪನ ಮಗನ ಲಕ್ಷ. ರಮ್ ಹಣ್ಣಾಗೋದು ಮರದ ಪೀಪಾಯಿಯಲ್ಲಿ, ಹಳೆ ಮಾಲಿನ ರುಚಿ ಅಲ್ಲೇ ಬರುತ್ತೆ. ಗಾಜಿಗೆ ಇಳಿಸಿದ ದಿನವೇ ಅದರ ವಯಸ್ಸು ನಿಂತು ಹೋಗುತ್ತೆ. ಟ್ರಂಕಿನಲ್ಲಿ ಮೂವತ್ತು ವರ್ಷ ಇದ್ದರೂ ಅದು ಮೂವತ್ತು ವರ್ಷದ ರಮ್ ಆಗೋದಿಲ್ಲ. ಅದಕ್ಕಿಂತ ಮುಖ್ಯ, ಕ್ಯಾಂಟೀನ್ ಮಾಲನ್ನು ಹೊರಗೆ ಮಾರುವ ಹಾಗಿಲ್ಲ, ಲೈಸೆನ್ಸ್ ಇಲ್ಲದೆ ಯಾವ ಹೆಂಡ ಮಾರಿದರೂ ಅಬಕಾರಿ ಕೇಸು. ಅವನಿಗೆ ಇಷ್ಟು ಹೇಳು, ಸುಮ್ನಾಗ್ತಾನೆ.

ಕುಡಿಯೋರು ಕುಡಿಯಲಿ ಅಂತ ತೀರ್ಮಾನ ಆದರೆ ಮೊದಲು ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡು. ತಿರುಗಿಸುವ ಮುಚ್ಚಳ ಇದ್ದರೆ ಕೆಳಗಿನ ಉಂಗುರ ಮುಚ್ಚಳಕ್ಕೆ ಅಂಟಿಕೊಂಡೇ ಇದೆಯಾ? ಮಟ್ಟ ಕುತ್ತಿಗೆಯಲ್ಲಿದೆಯಾ? ಮುಚ್ಚಳದ ಸುತ್ತ ಅಂಟು ಇಳಿದ ಕಲೆ ಇದೆಯಾ? ಉಂಗುರ ಗಟ್ಟಿ ಇದ್ದು ಸ್ವಲ್ಪ ಇಳಿದಿದ್ದರೆ ಆವಿಯಾಗಿ ಹೋಗಿರುತ್ತೆ, ರುಚಿ ಸಪ್ಪಗಾಗಿರಬಹುದು, ಅಷ್ಟೇ. ಹಾಗೆ ಮುಚ್ಚಿದ ರಮ್ ಹಳೆಯದಾಗಿ ವಿಷ ಆಗೋದಿಲ್ಲ. ಆದ್ರೆ ಉಂಗುರ ಒಡೆದಿದ್ದರೆ ಬಾಯಿಗೆ ಹಾಕಲೇಬೇಡ. ನಮ್ಮ ಕಡೆ ಹಳೆ ಬಾಟ್ಲಿಯಲ್ಲಿ ಸೀಮೆಎಣ್ಣೆ, ತೊಗರಿಗೆ ಹೊಡೆಯುವ ಔಷಧಿ ಏನೆಲ್ಲಾ ತುಂಬಿಡ್ತಾರೆ ಅಂತ ನಿನಗೇ ಗೊತ್ತು. ಕಳ್ಳಭಟ್ಟಿ ತುಂಬಿದ್ದರೆ ಅದರಲ್ಲಿ ಮೆಥನಾಲ್ ಇದೆಯಾ ಅನ್ನೋದು ಮೂಸಿ ನೋಡಿದರೆ ಗೊತ್ತಾಗೋದಿಲ್ಲ. ಆಗ ಅವ್ವನ ಬಚ್ಚಲೇ ಸರಿ.

ಎಲ್ಲಾ ಸರಿ ಇದ್ದರೂ ಎಳ್ಳ ಅಮಾವಾಸ್ಯೆ ದಿನ, ಕಾಕಾ ಇರುವ ಮನೆಯಲ್ಲಿ ತೆಗೀಬೇಡ, ಅವರೇ ತೆಗೆಯಿರಿ ಅಂದ ಹೊರತು. ಅವರನ್ನು ಕೇಳೋದು ಆ ದಿನ ಅಲ್ಲ, ಮಂದಿ ಮುಂದೆಯೂ ಅಲ್ಲ. ಮುಂಚೆಯೇ ಕೇಳು. ‘ಕಾಕಾ, ಬಾಟ್ಲಿ ತೆಗೆದ್ರೆ ನಿಮಗೆ ತ್ರಾಸ್ ಆಗ್ತದೇನು? ನೀವು ಬ್ಯಾಡ ಅಂದ್ರೆ ನಾನೇ ಮಂದಿಗೆ ಹೇಳ್ತೀನಿ’ ಅನ್ನು. ಎರಡನೇ ಮಾತು ಮರೀಬೇಡ, ಬೇಡ ಅನ್ನುವ ಕೆಟ್ಟ ಹೆಸರು ಅವರ ತಲೆಗೆ ಬರಬಾರದು. ನಿಮ್ಮ ಮುತ್ಯಾ ‘ಎಲ್ಲಾ ಕೂಡಿದಾಗ’ ಅಂದಿದ್ದರು, ಆ ಎಲ್ಲರಲ್ಲಿ ಕಾಕಾನೂ ಇದ್ದಾರೆ. ‘ನಿಮ್ಮ ಖುಷಿ, ತೆಗೀರಿ’ ಅಂತ ನೆಲ ನೋಡ್ತಾ ಹೇಳಿದರೆ ಅದನ್ನು ಹೂಂ ಅಂತ ತಿಳೀಬೇಡ.

ನಮ್ಮ ಮುತ್ಯಾನ ಬಾಟ್ಲಿ ಈಗ ಚಿಗವ್ವನ ಅಡುಗೆ ಮನೆಯಲ್ಲಿದೆ, ಕುಸುಬೆ ಎಣ್ಣೆ ಹಾಕಿಡ್ತಾಳೆ. ಕಾಕಾನೇ ತೊಳೆದು ಕೊಟ್ಟದ್ದು, ಅದೂ ನಾಲ್ಕು ವರ್ಷ ಆದ ಮೇಲೆ.

ಈ ವಾರವೇ ಕಾಕಾನ ಮನೆಗೆ ಹೋಗು. ಒಬ್ಬನೇ ಹೋಗು, ಬಾಟ್ಲಿ ತಗೊಂಡು ಹೋಗಬೇಡ.